ಯಾಕೆ ಆಗಲಿಲ್ಲ ಎಂದು ಕೇಳುವ ಬಗೆ

ಕೆಲಸ ಸಿಗಲಿಲ್ಲ ಎಂದು ತಿಳಿಸುವ ಮೇಲ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಮ್ಮ ಕಂಪನಿಯಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ, ಅರ್ಹರು ಬಹಳ ಮಂದಿ ಇದ್ದರು, ಈ ಸಲ ಬೇರೆಯವರನ್ನು ಆರಿಸಿಕೊಂಡಿದ್ದೇವೆ, ಮುಂದಿನ ಪ್ರಯತ್ನಕ್ಕೆ ಶುಭವಾಗಲಿ. ವಾರಗಟ್ಟಲೆ ಓದಿ, ರಜೆ ಹಾಕಿ, ಮೂರು ನಾಲ್ಕು ರೌಂಡ್ ಸಂದರ್ಶನ ಮುಗಿಸಿ ಬಂದವರಿಗೆ ಈ ನಾಲ್ಕು ಸಾಲಿನಲ್ಲಿ ತಮ್ಮ ಬಗ್ಗೆ ಒಂದಕ್ಷರವೂ ಕಾಣುವುದಿಲ್ಲ. ಎಲ್ಲಿ ತಪ್ಪಿತು ಎಂದು ತಿಳಿದುಕೊಳ್ಳಬೇಕೆನಿಸುವುದು ಸಹಜ. ಹಾಗೆ ತಿಳಿದುಕೊಳ್ಳುವುದು ಉಪಯೋಗಕ್ಕೂ ಬರುತ್ತದೆ. ಆದರೆ ಅದೇ ಮೇಲ್‌ಗೆ ಉತ್ತರವಾಗಿ ‘ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ, ದಯವಿಟ್ಟು ಕಾರಣ ತಿಳಿಸಿ’ ಎಂದು ಬರೆದರೆ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ಬಂದರೂ ಮೊದಲ ಮೇಲ್‌ನ ಮಾತುಗಳೇ ಇನ್ನೊಮ್ಮೆ ಬರುತ್ತವೆ.

ಕೇಳಿದವರ ವಿನಯ ಸಾಲದೆ ಹೀಗಾಗುವುದು ಕಡಿಮೆ. ನಿರ್ಧಾರ ಮಾಡಿದವರು ಒಬ್ಬರು, ಅದನ್ನು ತಿಳಿಸಿದವರು ಇನ್ನೊಬ್ಬರು. ನಾವು ಪ್ರಶ್ನೆ ಕೇಳುವುದು ತಿಳಿಸಿದವರನ್ನು. ಆ ಮನುಷ್ಯನಿಗೆ ಏನು ಗೊತ್ತಿರುತ್ತದೆ, ಅದರಲ್ಲಿ ಎಷ್ಟನ್ನು ಹೇಳಲು ಅನುಮತಿ ಇರುತ್ತದೆ ಎಂಬುದು ಅರ್ಥವಾದರೆ ಹೇಗೆ ಕೇಳಬೇಕೆಂಬುದು ಮುಕ್ಕಾಲು ಪಾಲು ತಾನಾಗಿಯೇ ಹೊಳೆಯುತ್ತದೆ.

ಬೆಂಗಳೂರಿನ ಮಧ್ಯಮ ಗಾತ್ರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಂದರ್ಶನ ಮುಗಿದ ಮೇಲೆ ಒಳಗೆ ಏನಾಗುತ್ತದೆ ನೋಡೋಣ. ಸಂದರ್ಶನ ಮಾಡಿದ ಪ್ರತಿಯೊಬ್ಬರೂ ಕಂಪನಿಯ ನೇಮಕಾತಿ ಸಾಫ್ಟ್‌ವೇರ್‌ನಲ್ಲಿ ಒಂದು ಫಾರಂ ತುಂಬುತ್ತಾರೆ. ಕೋಡಿಂಗ್, ಸಮಸ್ಯೆ ಬಿಡಿಸುವ ರೀತಿ, ಸಂವಹನ ಹೀಗೆ ಕೆಲವು ಅಂಶಗಳಿಗೆ ಅಂಕ ಕೊಟ್ಟು, ಕೆಳಗೆ ಎರಡು ಮೂರು ಸಾಲು ಟಿಪ್ಪಣಿ ಬರೆದು, ಕೊನೆಗೆ ತೆಗೆದುಕೊಳ್ಳಬಹುದು ಅಥವಾ ಬೇಡ ಎಂದು ಗುರುತು ಹಾಕುತ್ತಾರೆ. ಎಲ್ಲರ ಫಾರಂ ಬಂದಮೇಲೆ ಆ ತಂಡದ ಮ್ಯಾನೇಜರ್ ಅವುಗಳನ್ನು ನೋಡುತ್ತಾರೆ, ಬೇಕೆನಿಸಿದರೆ ಎಲ್ಲರೂ ಸೇರಿ ಸ್ವಲ್ಪ ಹೊತ್ತು ಚರ್ಚಿಸುತ್ತಾರೆ. ತೀರ್ಮಾನವಾಗುವುದು ಅಲ್ಲಿ. ರಿಕ್ರೂಟರ್ ಆ ಚರ್ಚೆಯಲ್ಲಿ ಕೂತಿರಬಹುದು, ಇಲ್ಲದೆಯೂ ಇರಬಹುದು. ಆಮೇಲೆ ಅವರು ಸಾಫ್ಟ್‌ವೇರ್‌ನಲ್ಲಿ ಸಿದ್ಧವಾಗಿರುವ ಕಾರಣಗಳ ಪಟ್ಟಿಯಿಂದ ಒಂದನ್ನು ಆರಿಸಿ ಗುಂಡಿ ಒತ್ತುತ್ತಾರೆ. ಆ ನಾಲ್ಕು ಸಾಲಿನ ಮೇಲ್ ತಂತಾನೇ ಹೊರಡುತ್ತದೆ.

ಅಂದರೆ ನಿಮ್ಮ ಪ್ರಶ್ನೆ ತಲುಪುವಾಗ ರಿಕ್ರೂಟರ್ ಕೈಯಲ್ಲಿರುವುದು ಬೇರೆಯವರು ಬರೆದ ಕೆಲವು ಟಿಪ್ಪಣಿಗಳು ಮಾತ್ರ. ಅವನ್ನು ಬರೆದವರು ಅಭ್ಯರ್ಥಿ ಓದುತ್ತಾನೆ ಎಂದು ಭಾವಿಸಿ ಬರೆದಿರುವುದಿಲ್ಲ. ‘ತುಂಬಾ ಸುತ್ತಿ ಬಳಸಿ ಹೇಳುತ್ತಾನೆ, ಮೂಲ ಗೊತ್ತಿಲ್ಲ’ ಎಂಬಂಥ ಸಾಲನ್ನು ಹಾಗೆಯೇ ಕಳಿಸಲಾಗದು. ಅದನ್ನು ಮೆತ್ತಗೆ ಮಾಡಿ, ಅರ್ಥ ಕೆಡದಂತೆ ಬರೆದು, ಬೇಕಿದ್ದರೆ ಮ್ಯಾನೇಜರ್ ಒಪ್ಪಿಗೆ ಪಡೆದು ಕಳಿಸುವುದು ಪ್ರತ್ಯೇಕವಾದ ಒಂದು ಕೆಲಸ. ಆ ಕೆಲಸಕ್ಕೆ ಯಾರೂ ಅವರಿಗೆ ಸಂಬಳ ಕೊಡುವುದಿಲ್ಲ. ಅವರ ಕೆಲಸವನ್ನು ಅಳೆಯುವುದು ಎಷ್ಟು ಹುದ್ದೆ ತುಂಬಿಸಿದರು, ಎಷ್ಟು ಬೇಗ ತುಂಬಿಸಿದರು ಎಂಬುದರಿಂದ. ನಿಮಗೆ ಫೀಡ್‌ಬ್ಯಾಕ್ ಕೊಟ್ಟರೆ ಅದು ಅವರ ಬಿಡುವಿನಲ್ಲಿ ಮಾಡುವ ಉಪಕಾರ ಎಂದೇ ತಿಳಿಯಬೇಕು.

ಇದರ ಜೊತೆಗೆ ಕಾನೂನಿನ ಅಂಜಿಕೆಯೂ ಇದೆ. ಬೆಂಗಳೂರಿನ ಬಹಳಷ್ಟು ಕಂಪನಿಗಳ ಎಚ್‌ಆರ್ ನಿಯಮಗಳು ರೂಪುಗೊಂಡಿರುವುದು ಅವುಗಳ ಅಮೆರಿಕ ಅಥವಾ ಯುರೋಪಿನ ಮುಖ್ಯ ಕಚೇರಿಗಳಲ್ಲಿ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಜನಾಂಗ, ಧರ್ಮ, ಲಿಂಗ ಮುಂತಾದ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ. ಲಿಖಿತವಾಗಿ ಕೊಟ್ಟ ಯಾವುದೇ ಕಾರಣ ನಾಳೆ ನ್ಯಾಯಾಲಯದಲ್ಲಿ ಎದುರಾಗಬಹುದು ಎಂದು ವಕೀಲರು ಕಂಪನಿಗಳಿಗೆ ಹೇಳುತ್ತಲೇ ಬಂದಿದ್ದಾರೆ. ಜರ್ಮನಿಯಲ್ಲಿ 2006ರಿಂದ ಸಮಾನ ವರ್ತನೆಯ ಕಾಯ್ದೆ ಜಾರಿಯಲ್ಲಿದೆ. ತಾರತಮ್ಯವಾಗಿದೆ ಎಂದು ಕಂಡರೆ ತಿರಸ್ಕೃತ ಅಭ್ಯರ್ಥಿ ಸಾಮಾನ್ಯವಾಗಿ ಎರಡು ತಿಂಗಳೊಳಗೆ ಪರಿಹಾರ ಕೇಳಬಹುದು. ಹಾಗಾಗಿ ಅಲ್ಲಿಯ ನಿರಾಕರಣೆ ಪತ್ರಗಳು ಇನ್ನೂ ನೀರಸ. ಮ್ಯೂನಿಕ್, ಬರ್ಲಿನ್ ಕಡೆ ಕೆಲಸ ಹುಡುಕುವ ನಮ್ಮವರು ಅದನ್ನು ತಮ್ಮ ಮೇಲಿನ ಅನಾದರ ಎಂದುಕೊಳ್ಳಬೇಕಾಗಿಲ್ಲ. ಯುರೋಪಿನ ನ್ಯಾಯಾಲಯದ ಮುಂದೆ ಇಂಥದೇ ಪ್ರಶ್ನೆ ಒಮ್ಮೆ ಬಂದಿತ್ತು. 2012ರ ಮೈಸ್ಟರ್ ಪ್ರಕರಣದಲ್ಲಿ, ಆಯ್ಕೆಯಾದದ್ದು ಯಾರು, ಯಾವ ಆಧಾರದ ಮೇಲೆ ಎಂಬ ಮಾಹಿತಿ ಪಡೆಯುವ ಹಕ್ಕು ತಿರಸ್ಕೃತ ಅಭ್ಯರ್ಥಿಗೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಕಂಪನಿ ಏನನ್ನೂ ಹೇಳಲು ಪೂರ್ತಿಯಾಗಿ ನಿರಾಕರಿಸಿದರೆ, ತಾರತಮ್ಯ ನಡೆದಿದೆಯೇ ಎಂದು ತೂಗುವಾಗ ಅದನ್ನೂ ಒಂದು ಅಂಶವಾಗಿ ಪರಿಗಣಿಸಬಹುದು ಎಂದೂ ಹೇಳಿತು. ನಮ್ಮಲ್ಲೂ ಖಾಸಗಿ ಕಂಪನಿ ಪ್ರತಿ ಅಭ್ಯರ್ಥಿಗೂ ಕಾರಣ ಹೇಳಲೇಬೇಕೆಂಬ ಸಾಮಾನ್ಯ ನಿಯಮವಿಲ್ಲ.

ಕಾನೂನಿಗಿಂತ ಹೆಚ್ಚಾಗಿ ರಿಕ್ರೂಟರ್‌ಗಳ ಬಾಯಿ ಕಟ್ಟಿರುವುದು ವಾದದ ಭಯ. ಒಬ್ಬರಿಗೆ ಒಳ್ಳೆಯ ಮನಸ್ಸಿನಿಂದ ‘ಡೇಟಾಬೇಸ್ ಭಾಗ ಸ್ವಲ್ಪ ಕಡಿಮೆಯಾಯಿತು’ ಎಂದು ಬರೆದರೆ, ಆತ ತಾನು ಮಾಡಿದ ಡೇಟಾಬೇಸ್ ಕೆಲಸವನ್ನೆಲ್ಲ ಎರಡು ಪುಟ ಬರೆದು, ಸಂದರ್ಶಕರು ಸರಿಯಾದ ಪ್ರಶ್ನೆಯನ್ನೇ ಕೇಳಲಿಲ್ಲ, ಇನ್ನೊಂದು ಅವಕಾಶ ಕೊಡಿ ಎಂದು ಕೇಳುತ್ತಾನೆ. ಹೀಗೆ ಎರಡು ಮೂರು ಸಲ ಆದಮೇಲೆ ಆ ರಿಕ್ರೂಟರ್ ಯಾರಿಗೂ ಏನೂ ಬರೆಯುವುದಿಲ್ಲ. ಆದ್ದರಿಂದ ನಿಮ್ಮ ಮೇಲ್ ಓದುವಾಗ ಅವರ ಮನಸ್ಸಿನಲ್ಲಿ ಇರುವ ಮೊದಲ ಅನುಮಾನವೇ, ಉತ್ತರ ಕೊಟ್ಟರೆ ಇದು ಇಲ್ಲಿಗೆ ಮುಗಿಯುತ್ತದೆಯೇ ಎಂಬುದು. ಆ ಅನುಮಾನವನ್ನು ನಿವಾರಿಸದೆ ಎಷ್ಟು ವಿನಯದಿಂದ ಕೇಳಿದರೂ ಒತ್ತಡ ಹಾಕಿದಂತೆಯೇ ಅವರಿಗೆ ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹಾಸನದ ಕಡೆಯ ಹುಡುಗಿ ಎಂದುಕೊಳ್ಳಿ, ಬೆಂಗಳೂರಿನಲ್ಲಿ ಮೂರೂವರೆ ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾಳೆ. ಹೊಸ ಕಂಪನಿಯೊಂದರಲ್ಲಿ ಆನ್‌ಲೈನ್ ಪರೀಕ್ಷೆ ಪಾಸಾಯಿತು, ಟೆಕ್ನಿಕಲ್ ರೌಂಡ್ ಚೆನ್ನಾಗಿ ಆಯಿತು, ಮ್ಯಾನೇಜರ್ ಜೊತೆಗಿನ ಮೂರನೇ ರೌಂಡ್ ಆದ ನಾಲ್ಕು ದಿನಕ್ಕೆ ಇಲ್ಲ ಎಂಬ ಮೇಲ್ ಬಂತು. ಆ ರಾತ್ರಿಯೇ ಆಕೆ ಬರೆದ ಕರಡು ಹೀಗಿತ್ತು ಎಂದುಕೊಳ್ಳೋಣ. ಇಂಥವನ್ನು ಇಂಗ್ಲಿಷಿನಲ್ಲೇ ಬರೆಯುವುದು ರೂಢಿ. ತಿರುಳು ಇಷ್ಟು:

‘ನಿಮ್ಮ ನಿರ್ಧಾರ ನೋಡಿ ನಿಜಕ್ಕೂ ಆಶ್ಚರ್ಯವಾಯಿತು. ಮೂರೂ ರೌಂಡ್ ಚೆನ್ನಾಗಿ ಆಗಿದ್ದವು. ನನ್ನನ್ನು ಯಾಕೆ ಆರಿಸಲಿಲ್ಲ, ಆಯ್ಕೆಯಾದವರಲ್ಲಿ ನನಗಿಂತ ಏನು ಹೆಚ್ಚಿತ್ತು ಎಂದು ವಿವರವಾಗಿ ತಿಳಿಸಿ. ನಾನು ಇಷ್ಟು ಸಮಯ ಕೊಟ್ಟಿದ್ದೇನೆ, ಕನಿಷ್ಠ ಇಷ್ಟನ್ನಾದರೂ ನಿರೀಕ್ಷಿಸಬಹುದಲ್ಲವೇ. ಬೇಗ ಉತ್ತರಿಸಿ.’

ಆಕೆಯ ಬೇಸರ ನ್ಯಾಯವಾದದ್ದೇ. ಆದರೆ ಈ ಮೇಲ್‌ನ ಒಂದೊಂದು ಸಾಲೂ ರಿಕ್ರೂಟರ್‌ಗೆ ಉತ್ತರಿಸುವುದನ್ನು ಕಷ್ಟಮಾಡುತ್ತದೆ. ಆಶ್ಚರ್ಯವಾಯಿತು ಎಂದರೆ ನಿರ್ಧಾರ ತಪ್ಪು ಎಂದಂತೆ. ಈಗ ಅವರು ಅದನ್ನು ಸಮರ್ಥಿಸಿಕೊಳ್ಳಬೇಕು. ಯಾಕೆ ಆರಿಸಲಿಲ್ಲ ಎಂಬುದು ಆಗಿಹೋದ ತೀರ್ಮಾನದ ವಿಚಾರಣೆ. ಆಯ್ಕೆಯಾದವರ ವಿಷಯ ಅವರು ಹೇಳುವಂತೆಯೇ ಇಲ್ಲ, ಅದು ಇನ್ನೊಬ್ಬರ ಖಾಸಗಿ ಮಾಹಿತಿ. ಸಮಯ ಕೊಟ್ಟ ಲೆಕ್ಕ ತೆಗೆದರೆ ಸಾಲ ವಸೂಲಿಗೆ ಬಂದಂತಾಗುತ್ತದೆ. ಬೇಗ ಎಂಬ ಮಾತು ಗಡುವು ಹಾಕುತ್ತದೆ. ಉತ್ತರಿಸದೆ ಬಿಡುವುದೇ ಇಲ್ಲಿ ಅವರಿಗೆ ಸುರಕ್ಷಿತ.

ಒಂದು ದಿನ ಬಿಟ್ಟು ಆಕೆ ಬೇರೆ ಥರ ಕೂತು ಯೋಚಿಸುತ್ತಾಳೆ. ಅಷ್ಟೂ ಸುತ್ತುಗಳಲ್ಲಿ ತನಗೇ ಅನುಮಾನ ಇದ್ದ ಜಾಗ ಯಾವುದು? ಮೂರನೇ ರೌಂಡ್‌ನಲ್ಲಿ ಮ್ಯಾನೇಜರ್ ಒಂದು ಸನ್ನಿವೇಶ ಕೊಟ್ಟಿದ್ದರು. ಹೊಸ ಆವೃತ್ತಿ ಗ್ರಾಹಕರಿಗೆ ಹೋಗಲು ಎರಡೇ ಗಂಟೆ ಇದೆ, ಹಣ ಪಾವತಿಯ ಪುಟ ಆಗಾಗ ಕೈಕೊಡುತ್ತಿದೆ, ಏನು ಮಾಡುತ್ತೀರಿ? ಆಕೆ ತನಗೆ ಗೊತ್ತಿದ್ದ ಪರೀಕ್ಷೆಗಳನ್ನೆಲ್ಲ ಒಂದರ ಹಿಂದೆ ಒಂದು ಹೇಳಿದ್ದಳು. ಹೇಳುತ್ತಿದ್ದಾಗಲೇ ಮ್ಯಾನೇಜರ್ ಮುಖದಲ್ಲಿ ಉತ್ಸಾಹ ಕಡಿಮೆಯಾದದ್ದು ಗಮನಕ್ಕೆ ಬಂದಿತ್ತು. ಆ ಜಾಗವನ್ನೇ ಹಿಡಿದು ಆಕೆ ಬರೆದ ಎರಡನೇ ಮೇಲ್ ಹೀಗೆ:

‘ತಿಳಿಸಿದ್ದಕ್ಕೆ ಧನ್ಯವಾದ. ತಂಡದವರೊಂದಿಗೆ ಮಾತಾಡಿದ್ದು, ಅದರಲ್ಲೂ ಪಾವತಿ ಪುಟದ ಸನ್ನಿವೇಶದ ಚರ್ಚೆ ನನಗೆ ಇಷ್ಟವಾಯಿತು. ನಿಮ್ಮ ನಿರ್ಧಾರವನ್ನು ಒಪ್ಪಿಕೊಂಡಿದ್ದೇನೆ, ಅದನ್ನು ಮತ್ತೆ ಪರಿಶೀಲಿಸಿ ಎಂದು ಕೇಳಲು ಬರೆಯುತ್ತಿಲ್ಲ. ಮುಂದಿನ ಸಂದರ್ಶನಗಳಿಗೆ ತಯಾರಾಗಲು ಒಂದು ವಿಷಯ ತಿಳಿದರೆ ಸಹಾಯವಾಗುತ್ತದೆ: ನಾನು ಹೆಚ್ಚು ಕೆಲಸ ಮಾಡಬೇಕಿರುವುದು ಟೂಲ್‌ಗಳ ತಿಳಿವಳಿಕೆಯಲ್ಲೋ ಅಥವಾ ಯಾವುದನ್ನು ಮೊದಲು ಪರೀಕ್ಷಿಸಬೇಕೆಂದು ತೀರ್ಮಾನಿಸುವುದರಲ್ಲೋ? ಒಂದೆರಡು ಸಾಲು ಸಾಕು. ಕಂಪನಿಯ ನಿಯಮದಿಂದ ಹೇಳಲಾಗದಿದ್ದರೆ ಖಂಡಿತ ಅರ್ಥಮಾಡಿಕೊಳ್ಳುತ್ತೇನೆ, ಉತ್ತರಿಸದಿದ್ದರೂ ಪರವಾಗಿಲ್ಲ.’

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ಹಿಂದಿನ ತೀರ್ಮಾನದ ತಂಟೆಗೇ ಹೋಗುವುದಿಲ್ಲ, ಮುಂದಿನ ತಯಾರಿಯನ್ನು ಕೇಳುತ್ತದೆ. ಅದೇ ಮಾಹಿತಿಯನ್ನು ರಿಕ್ರೂಟರ್ ಈಗ ಸಲಹೆಯ ರೂಪದಲ್ಲಿ ಕೊಡಬಹುದು, ಕಾರಣದ ರೂಪದಲ್ಲಿ ಕೊಡಬೇಕಾಗಿಲ್ಲ. ಫೀಡ್‌ಬ್ಯಾಕ್ ಕೊಡಬಾರದೆಂಬ ನಿಯಮ ಇರುವ ಕಡೆಯೂ ಇಂಥ ಪ್ರಶ್ನೆಗೆ ಕೆಲವರು ಒಂದು ಸಾಲು ಬರೆದುಬಿಡುತ್ತಾರೆ. ಇನ್ನು ‘ಇದೋ ಅದೋ’ ಎಂದು ಕೇಳಿರುವುದರಿಂದ ಫಾರಂ ತೆರೆದು ಕಣ್ಣಾಡಿಸಿದರೆ ಉತ್ತರ ಸಿಗುತ್ತದೆ. ‘ಏನಾದರೂ ಫೀಡ್‌ಬ್ಯಾಕ್ ಇದ್ದರೆ ತಿಳಿಸಿ’ ಎಂಬ ಬೀಸು ಪ್ರಶ್ನೆ ಮೇಲ್ನೋಟಕ್ಕೆ ಸರಳ, ಆದರೆ ಎಲ್ಲಿಂದ ಆರಂಭಿಸಬೇಕೆಂಬ ಹೊರೆಯನ್ನು ಓದುವವರ ಮೇಲೇ ಹಾಕುತ್ತದೆ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಸುಮ್ಮನಿರುವುದಕ್ಕೂ ಅಲ್ಲಿ ಮರ್ಯಾದೆಯ ದಾರಿ ಇದೆ. ಕಳಿಸುವ ಮುಂಚೆ ನಿಮ್ಮ ಮೇಲ್ ಒತ್ತಡ ಹಾಕುತ್ತಿದೆಯೇ ಎಂದು ಪರೀಕ್ಷಿಸಬೇಕಾದರೆ ಇದೊಂದನ್ನು ನೋಡಿದರೆ ಸಾಕು: ಇದಕ್ಕೆ ಉತ್ತರ ಕೊಡದೆ ಉಳಿದರೆ ಆ ಮನುಷ್ಯನಿಗೆ ತಪ್ಪು ಮಾಡಿದಂತೆ ಅನಿಸುತ್ತದೆಯೇ? ಅನಿಸುವಂತಿದ್ದರೆ ಇನ್ನೊಮ್ಮೆ ಬರೆಯಿರಿ.

ಮೇಲ್ ಕಳಿಸಲು ಒಂದರಿಂದ ಮೂರು ದಿನದ ಒಳಗಿನ ಸಮಯ ಒಳ್ಳೆಯದು. ಅದೇ ರಾತ್ರಿ ಬರೆದರೆ ಬೇಸರ ಅಕ್ಷರಗಳಲ್ಲಿ ಇಳಿಯುತ್ತದೆ. ಎರಡು ವಾರ ಬಿಟ್ಟರೆ ರಿಕ್ರೂಟರ್ ಆ ಹುದ್ದೆಯ ಕಡತ ಮುಚ್ಚಿ ಬೇರೆ ಹುದ್ದೆಗಳಲ್ಲಿ ಮುಳುಗಿರುತ್ತಾರೆ. ನಿಮ್ಮ ಹೆಸರೇ ನೆನಪಿರುವುದಿಲ್ಲ. ಬಂದ ಮೇಲ್‌ಗೇ ಉತ್ತರವಾಗಿ ಬರೆಯುವುದು ವಾಸಿ. ಹುದ್ದೆಯ ಹೆಸರು, ಜಾಬ್ ಐಡಿ, ಹಿಂದಿನ ಮಾತುಕತೆ ಎಲ್ಲ ಅಲ್ಲೇ ಇರುತ್ತವೆ. ಆದರೆ ಆ ಮೇಲ್ ಉತ್ತರ ಸ್ವೀಕರಿಸದ ವಿಳಾಸದಿಂದ ಬಂದಿದ್ದರೆ, ಸಂದರ್ಶನದ ಸಮಯ ನಿಗದಿ ಮಾಡಿದ ರಿಕ್ರೂಟರ್ ಅವರ ಹಳೆಯ ಮೇಲ್‌ಗೆ ಬರೆಯಬೇಕು.

ಒಂದೇ ದಾರಿಯಲ್ಲಿ ಕೇಳಿ. ಮೇಲ್ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ‘ಮೇಡಂ, ಮೇಲ್ ನೋಡಿದಿರಾ’ ಎಂದು ಹಾಕಿ, ಸಂಜೆ ಫೋನ್ ಮಾಡಿದರೆ ಅದು ಮೂರು ಪಟ್ಟು ಒತ್ತಡ. ನಮ್ಮಲ್ಲಿ ರಿಕ್ರೂಟರ್‌ಗಳು ತಾವೇ ಫೋನು, ವಾಟ್ಸ್ಆ್ಯಪ್ ಬಳಸುವುದರಿಂದ ನಂಬರ್ ನಮ್ಮ ಕೈಯಲ್ಲೇ ಇರುತ್ತದೆ, ಒತ್ತಿಬಿಡುವುದು ಸುಲಭ. ಸಂದರ್ಶನದ ಸಮಯ ಹೊಂದಿಸಲು ಕೊಟ್ಟ ನಂಬರ್ ಅದು ಎಂಬುದು ನೆನಪಿರಲಿ. ಹಾಗೆಯೇ ಸಂದರ್ಶನ ಮಾಡಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಕೇಳುವುದು, ಮ್ಯಾನೇಜರ್‌ಗೂ ಪ್ರತಿ ಹಾಕುವುದು, ರೆಫರ್ ಮಾಡಿದ ಗೆಳೆಯನಿಗೆ ‘ಒಳಗೆ ವಿಚಾರಿಸು’ ಎಂದು ಗಂಟುಬೀಳುವುದು. ಇವೆಲ್ಲ ರಿಕ್ರೂಟರ್‌ನ ಬೆನ್ನ ಹಿಂದೆ ಹೋದಂತೆ ಕಾಣುತ್ತವೆ. ಗೆಳೆಯ ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಆದರೆ ಆ ಮಾಹಿತಿಯನ್ನು ರಿಕ್ರೂಟರ್ ಮುಂದೆ ಎತ್ತಬೇಡಿ. ಎತ್ತಿದರೆ ಗೆಳೆಯನಿಗೆ ತೊಂದರೆ.

ಉತ್ತರ ಬರದಿದ್ದರೆ ನೆನಪಿನ ಮೇಲ್ ಕಳಿಸಬಹುದೇ? ವಾರ ಬಿಟ್ಟು ಒಂದು ಕಳಿಸಿ ಎಂದು ಸಲಹೆ ಕೊಡುವವರು ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಫಲಿತಾಂಶಕ್ಕೆ ಕಾಯುತ್ತಿದ್ದರೆ ನೆನಪಿಸುವುದು ನಿಮ್ಮ ಹಕ್ಕು, ಏಕೆಂದರೆ ಅದನ್ನು ತಿಳಿಸುವುದು ಅವರ ಕೆಲಸ. ಫೀಡ್‌ಬ್ಯಾಕ್ ಹಾಗಲ್ಲ. ಉತ್ತರಿಸದಿದ್ದರೂ ಪರವಾಗಿಲ್ಲ ಎಂದು ಬರೆದು ವಾರದ ನಂತರ ನೆನಪಿಸಿದರೆ ಆ ಮಾತು ಸುಳ್ಳಾಗುತ್ತದೆ.

ಫೋನಿನಲ್ಲೇ ಇಲ್ಲ ಎಂದು ಹೇಳಿದರೆ ಸ್ವಲ್ಪ ಬೇರೆ ಜಾಣ್ಮೆ ಬೇಕು. ಫೋನ್ ಮಾಡಿ ಹೇಳುವವರು ಸಾಮಾನ್ಯವಾಗಿ ನಿಮ್ಮ ಬಗ್ಗೆ ಒಂದಿಷ್ಟು ಒಳ್ಳೆಯ ಅಭಿಪ್ರಾಯ ಇರುವವರು. ಆ ಕ್ಷಣಕ್ಕೆ ಒಂದೇ ಪ್ರಶ್ನೆ ಸಾಕು: ‘ತಿಳಿಸಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಮುಂದಕ್ಕೆ ನಾನು ಯಾವುದರ ಮೇಲೆ ಗಮನ ಕೊಡಬೇಕು ಅಂತ ಪ್ಯಾನೆಲ್‌ನವರು ಏನಾದ್ರೂ ಹೇಳಿದ್ರಾ? ಈಗಲೇ ಆಗದಿದ್ರೆ ಪರವಾಗಿಲ್ಲ.’ ಅವರು ಹೇಳಲು ಶುರುಮಾಡಿದರೆ ಮಧ್ಯೆ ಬಾಯಿ ಹಾಕದೆ ಬರೆದುಕೊಳ್ಳಿ. ‘ಇಲ್ಲ ಮೇಡಂ, ನಾನು ಅದನ್ನ ಹೇಳಿದ್ದೆ’ ಎಂಬ ಒಂದು ವಾಕ್ಯ ಬಂದರೆ ಮುಂದಿನ ಮಾತು ನಿಂತುಹೋಗುತ್ತದೆ.

ಕನ್ಸಲ್ಟೆನ್ಸಿ ಮೂಲಕ ಹೋದವರ ಪರಿಸ್ಥಿತಿ ಇನ್ನೊಂದು ಬಗೆಯದು. ಕನ್ಸಲ್ಟೆಂಟ್‌ಗೆ ಕಂಪನಿಯಿಂದ ಹಣ ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದಾಗ. ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಶುಲ್ಕ ಬಹಳ ಕಡೆ ರೂಢಿಯಲ್ಲಿದೆ. ನೀವು ಆಯ್ಕೆಯಾಗದಿದ್ದರೆ ಅವರಿಗೂ ನಷ್ಟ. ಹಾಗಾಗಿ ಅವರೇ ಕಂಪನಿಯನ್ನು ಕಾರಣ ಕೇಳಿರುತ್ತಾರೆ, ನಿಮ್ಮನ್ನು ಮುಂದಿನ ಕಂಪನಿಗೆ ತಯಾರುಮಾಡುವ ಆಸಕ್ತಿಯೂ ಇರುತ್ತದೆ. ಇವರ ಹತ್ತಿರ ಸ್ವಲ್ಪ ಬಿಚ್ಚಿ ಮಾತಾಡಬಹುದು. ಆದರೆ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಬರುವಾಗ ಬದಲಾಗಿರುತ್ತದೆ ಎಂಬ ಎಚ್ಚರವೂ ಬೇಕು.

ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿ ಇದೆ. ಸಂದರ್ಶನದ ಗುಣಮಟ್ಟದ ಬಗ್ಗೆ ರಿಕ್ರೂಟರ್‌ಗೆ ಗೊತ್ತಿರುವುದು ಕಡಿಮೆ, ಸಂದರ್ಶಕರಿಗೆ ಹೆಚ್ಚು. ಆದರೆ ಕೆಲವು ವಿಷಯಗಳು ಸಂದರ್ಶಕರಿಗೆ ಗೊತ್ತೇ ಇರುವುದಿಲ್ಲ, ರಿಕ್ರೂಟರ್‌ಗೆ ಮಾತ್ರ ಗೊತ್ತಿರುತ್ತವೆ. ನಿಮ್ಮ ನೋಟಿಸ್ ಪೀರಿಯಡ್ 90 ದಿನ ಇತ್ತು, ತಂಡಕ್ಕೆ ಮುಂದಿನ ತಿಂಗಳೇ ಜನ ಬೇಕಿತ್ತು. ನೀವು ಕೇಳಿದ ಸಂಬಳ ಆ ಹುದ್ದೆಗೆ ಇಟ್ಟ ಹಣಕ್ಕಿಂತ ಹೆಚ್ಚಾಯಿತು. ಹುದ್ದೆಯನ್ನೇ ಕಂಪನಿ ತಡೆಹಿಡಿಯಿತು. ಒಳಗಿನವರೊಬ್ಬರನ್ನೇ ಆ ಜಾಗಕ್ಕೆ ಹಾಕಿದರು. ಇಂಥ ಕಡೆ ನಿಮ್ಮ ಉತ್ತರಗಳಲ್ಲಿ ತಪ್ಪು ಹುಡುಕುತ್ತಾ ಕೂರುವುದು ವ್ಯರ್ಥ. ಸಂದರ್ಶನ ಚೆನ್ನಾಗಿಯೇ ಆಗಿದ್ದು ಕೊನೆಯ ಹಂತದಲ್ಲಿ ಇಲ್ಲವಾದರೆ, ಕೌಶಲ್ಯದ ಪ್ರಶ್ನೆಗೆ ಬದಲಾಗಿ ‘ನನ್ನ ನೋಟಿಸ್ ಪೀರಿಯಡ್ ಅಥವಾ ಸಂಬಳದ ನಿರೀಕ್ಷೆ ಈ ಹುದ್ದೆಗೆ ಹೊಂದಲಿಲ್ಲವೇ ಎಂದು ತಿಳಿದರೆ ಮುಂದಿನ ಅರ್ಜಿಗಳಲ್ಲಿ ಸರಿಪಡಿಸಿಕೊಳ್ಳುತ್ತೇನೆ’ ಎಂದು ಕೇಳಿ. ಇದು ಯಾರ ಸಾಮರ್ಥ್ಯದ ಮೇಲೂ ತೀರ್ಪು ಕೊಡದ ವಿಷಯ. ರಿಕ್ರೂಟರ್ ತಮ್ಮ ಸ್ವಂತ ತಿಳಿವಳಿಕೆಯಿಂದಲೇ ಉತ್ತರಿಸಬಹುದು. ಒಂದು ಮೇಲ್‌ನಲ್ಲಿ ಎರಡೂ ಪ್ರಶ್ನೆ ಬೇಡ, ಯಾವುದು ಹೆಚ್ಚು ಸಂಭವವೋ ಅದನ್ನು ಆರಿಸಿಕೊಳ್ಳಿ.

ರೆಸ್ಯೂಮೆ ಹಂತದಲ್ಲೇ ತಿರಸ್ಕಾರವಾದರೆ ಕೇಳಲು ಹೋಗಬಾರದು. ಅಲ್ಲಿ ಯಾರೂ ನಿಮ್ಮ ಬಗ್ಗೆ ಏನನ್ನೂ ಬರೆದಿಟ್ಟಿರುವುದಿಲ್ಲ. ಮನುಷ್ಯರೊಂದಿಗೆ ಕನಿಷ್ಠ ಒಂದು ಸುತ್ತು ಮಾತಾಡಿದ ಮೇಲೆ ಮಾತ್ರ ಕೇಳುವುದಕ್ಕೆ ಅರ್ಥ ಇದೆ.

ನಮ್ಮ ಹಾಸನದ ಹುಡುಗಿಗೆ ಐದನೇ ದಿನ ಉತ್ತರ ಬಂತು ಎಂದುಕೊಳ್ಳೋಣ: ‘ನಿಮ್ಮ ಟೂಲ್ ಜ್ಞಾನ ಪ್ಯಾನೆಲ್‌ಗೆ ಇಷ್ಟವಾಯಿತು. ಅಪಾಯ ಎಲ್ಲಿ ಹೆಚ್ಚು ಎಂದು ತಾವೇ ನೋಡಿ ಆದ್ಯತೆ ಕೊಡುವ, ಸ್ವಲ್ಪ ಹಿರಿಯ ಅನುಭವದವರನ್ನು ನೋಡುತ್ತಿದ್ದರು. ಸಂವಹನದಲ್ಲೂ ಸ್ವಲ್ಪ ಸುಧಾರಣೆಗೆ ಅವಕಾಶವಿದೆ. ಆಲ್ ದ ಬೆಸ್ಟ್.’ ಈ ಮೂರು ವಾಕ್ಯದಲ್ಲಿ ಮೂರು ಬೇರೆ ಬೇರೆ ಬಗೆಯ ಮಾತುಗಳಿವೆ, ಅವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸ್ವಲ್ಪ ಹಿರಿಯ ಅನುಭವ ಎಂಬುದು ಆಕೆ ಸರಿಪಡಿಸುವ ವಿಷಯವಲ್ಲ. ಹುದ್ದೆಯ ಮಟ್ಟವೇ ಒಂದು ಮೆಟ್ಟಿಲು ಮೇಲಿತ್ತು. ಇನ್ನು ಮುಂದೆ ಅರ್ಜಿ ಹಾಕುವಾಗ ವರ್ಷಗಳ ಲೆಕ್ಕವನ್ನಷ್ಟೇ ನೋಡದೆ, ಸ್ವತಂತ್ರ ನಿರ್ಧಾರ ನಿರೀಕ್ಷಿಸುವ ಹುದ್ದೆಯೇ ಎಂದು ವಿವರಣೆಯಲ್ಲಿ ಗಮನಿಸಬೇಕು. ಆದ್ಯತೆಯ ಮಾತು ನಿಜವಾದ ಚಿನ್ನ. ಆಕೆಯ ಸ್ವಂತ ಅನುಮಾನಕ್ಕೂ ಅದು ಹೊಂದುತ್ತದೆ. ಒಬ್ಬರೇ ಹೇಳಿದ ಮಾತನ್ನು ನಂಬಬೇಕೇ ಎಂಬ ಪ್ರಶ್ನೆಗೆ ಇದೇ ಅಳತೆ: ಸಂದರ್ಶನದ ಒಂದು ನಿರ್ದಿಷ್ಟ ಕ್ಷಣಕ್ಕೆ ಅದು ಹೋಗಿ ಕೂರುತ್ತದೆಯೇ ನೋಡಿ. ಕೂತರೆ ಕೆಲಸಕ್ಕೆ ಬರುತ್ತದೆ. ಆಕೆ ಆ ಪಾವತಿ ಪುಟದ ಪ್ರಶ್ನೆಗೆ ಹೊಸದಾಗಿ ಉತ್ತರ ಕಟ್ಟಿಕೊಳ್ಳಬಹುದು. ಎರಡೇ ಗಂಟೆ ಇರುವಾಗ ಗ್ರಾಹಕನ ಹಣ ಕಡಿತವಾಗಿ ಆರ್ಡರ್ ಆಗದೆ ಉಳಿಯುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸುತ್ತೇನೆ, ಆಮೇಲೆ ಎರಡು ಸಲ ಕಡಿತವಾಗುವುದನ್ನು, ಬಣ್ಣ ಅಕ್ಷರಗಳ ದೋಷಗಳನ್ನು ಈ ಸಲಕ್ಕೆ ಬಿಡುತ್ತೇನೆ, ಬಿಟ್ಟದ್ದನ್ನು ಮ್ಯಾನೇಜರ್‌ಗೆ ಬರೆದು ತಿಳಿಸುತ್ತೇನೆ ಎಂದು. ಮೊದಲು ಕೊಟ್ಟ ಉದ್ದದ ಪಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸವನ್ನೇ ಆ ಪ್ಯಾನೆಲ್ ಹುಡುಕುತ್ತಿದ್ದದ್ದು.

ಸಂವಹನ ಎಂಬ ಮೂರನೇ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳನ್ನು ಇದರಷ್ಟು ನೋಯಿಸುವ ಫೀಡ್‌ಬ್ಯಾಕ್ ಇನ್ನೊಂದಿಲ್ಲ. ಓದಿದ ತಕ್ಷಣ ‘ನನ್ನ ಇಂಗ್ಲಿಷ್ ಸರಿಯಿಲ್ಲ’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಣ ಕಟ್ಟುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರುತ್ತದೆ. ಆದರೆ ಸಂದರ್ಶಕರ ಟಿಪ್ಪಣಿಯಲ್ಲಿ ಆ ಪದಕ್ಕೆ ಬಹಳ ಸಲ ಬೇರೆಯೇ ಅರ್ಥ ಇರುತ್ತದೆ. ಉತ್ತರದ ಮುಖ್ಯ ಅಂಶ ಬರುವುದಕ್ಕೆ ಮೂರು ನಿಮಿಷ ಹಿಡಿಯಿತು, ಪ್ರಶ್ನೆ ಅರ್ಥವಾಗದಿದ್ದರೂ ತಿರುಗಿ ಕೇಳಲಿಲ್ಲ, ಯೋಚನೆಯ ಹೆಜ್ಜೆಗಳನ್ನು ಬಾಯಿಬಿಟ್ಟು ಹೇಳಲಿಲ್ಲ ಎಂದು. ಇವು ಯಾವ ಭಾಷೆಯಲ್ಲಿ ಮಾತಾಡಿದರೂ ಇರುವ ದೋಷಗಳು, ಕನ್ನಡದಲ್ಲೇ ಅಭ್ಯಾಸ ಮಾಡಿ ತಿದ್ದಿಕೊಳ್ಳಬಹುದಾದವು. ಯಾವುದು ನಿಜ ಎಂದು ತಿಳಿಯಲು ರಿಕ್ರೂಟರ್‌ಗೆ ಎರಡನೇ ಮೇಲ್ ಬರೆಯಬೇಡಿ. ಅದೇ ಸನ್ನಿವೇಶವನ್ನು ಅನುಭವಸ್ಥ ಹಿರಿಯ ಸಹೋದ್ಯೋಗಿಯ ಮುಂದೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲ ಮೂವತ್ತು ಸೆಕೆಂಡಿನಲ್ಲಿ ನಿಮ್ಮ ನಿರ್ಧಾರ ಕೇಳಿಸುತ್ತದೆಯೇ ಎಂದು ಇಬ್ಬರೂ ಕೇಳಿ ನೋಡಿ.

ರಿಕ್ರೂಟರ್‌ಗೆ ಕಳಿಸಬೇಕಾದ್ದು ಎರಡೇ ಸಾಲು: ‘ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಧನ್ಯವಾದ. ಆದ್ಯತೆ ಕೊಡುವ ವಿಷಯದಲ್ಲಿ ಖಂಡಿತ ಅಭ್ಯಾಸ ಮಾಡುತ್ತೇನೆ.’ ವಿವರಣೆ ಬೇಡ, ‘ನಿಜಕ್ಕೂ ನಾನು ಹಿಂದಿನ ಕಂಪನಿಯಲ್ಲಿ’ ಎಂಬ ಸಮಜಾಯಿಷಿಯೂ ಬೇಡ. ಫೀಡ್‌ಬ್ಯಾಕ್ ತಪ್ಪು ಎಂದು ನಿಮಗೆ ಖಾತ್ರಿ ಇದ್ದರೂ ಅಷ್ಟೇ. ಒಂದು ಹೊರತು ಮಾತ್ರ ಇದೆ. ಸಂದರ್ಶನದಲ್ಲಿ ಜಾತಿ ಕೇಳಿದರು, ಮದುವೆ, ಗರ್ಭಧಾರಣೆಯ ಯೋಜನೆ ಕೇಳಿದರು ಎಂಬಂಥ ಸಂಗತಿ ನಡೆದಿದ್ದರೆ ಅದು ಫೀಡ್‌ಬ್ಯಾಕ್ ಕೇಳುವ ವಿಷಯವಲ್ಲ, ದೂರಿನ ವಿಷಯ. ಅದನ್ನು ಕಂಪನಿಯ ದೂರು ವಿಭಾಗಕ್ಕೆ ಅಥವಾ ವಕೀಲರ ಬಳಿಗೆ ನೇರವಾಗಿ ಒಯ್ಯಬೇಕು. ಎರಡನ್ನೂ ಒಂದೇ ಮೇಲ್‌ನಲ್ಲಿ ಬೆರೆಸಿದರೆ ಯಾವುದೂ ಆಗುವುದಿಲ್ಲ.

ಸರ್ಕಾರಿ ಹುದ್ದೆಗಳಿಗೆ ಪರೀಕ್ಷೆ ಬರೆಯುವವರು ಇದನ್ನೆಲ್ಲ ಓದಿ ನಮಗೂ ಹೀಗೆಯೇ ಎಂದು ಕೇಳಬಹುದು. ಅಲ್ಲಿಯ ದಾರಿ ಬೇರೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಆದರೆ ನಾಗರಿಕ ಸೇವಾ ಪರೀಕ್ಷೆಯ ವಿಷಯದಲ್ಲಿ 2018ರಲ್ಲಿ ಅದೇ ನ್ಯಾಯಾಲಯ ಹೆಚ್ಚು ಬಿಗಿಯಾದ ನಿಲುವು ತಳೆಯಿತು. ಸಂದರ್ಶನ ಮಂಡಳಿಯ ಸದಸ್ಯರ ಹೆಸರು, ವಿಳಾಸ ಕೊಡಬೇಕಾಗಿಲ್ಲ ಎಂದು 2012ರ ಬಿಹಾರ ಲೋಕಸೇವಾ ಆಯೋಗದ ಪ್ರಕರಣದಲ್ಲಿ ತೀರ್ಪಾಗಿದೆ. ಹಕ್ಕು ಇರುವ ಕಡೆಯೂ ಅಂಕ ಕೊಟ್ಟವರನ್ನು ನೇರವಾಗಿ ತಲುಪಲು ನಮ್ಮ ಕಾನೂನು ಬಿಡುವುದಿಲ್ಲ ಎಂಬುದು ಗಮನಿಸಬೇಕಾದದ್ದು.

ಖಾಸಗಿ ಕೆಲಸದವರಿಗೆ ಇನ್ನೂ ಸುಲಭವಾದ ಒಂದು ಉಪಾಯ ಇದೆ. ಮೊದಲೇ ಕೇಳಿಡುವುದು. ರಿಕ್ರೂಟರ್ ಮೊದಲ ಸಲ ಫೋನ್ ಮಾಡಿ ಸುತ್ತುಗಳನ್ನು ವಿವರಿಸುವಾಗ, ‘ಪ್ರಕ್ರಿಯೆ ಮುಗಿದ ಮೇಲೆ ನಿಮ್ಮಲ್ಲಿ ಫೀಡ್‌ಬ್ಯಾಕ್ ಹಂಚಿಕೊಳ್ಳುವ ಪದ್ಧತಿ ಇದೆಯೇ’ ಎಂದು ಸಹಜವಾಗಿ ವಿಚಾರಿಸಿ. ಆಗ ಸೋಲು ಗೆಲುವು ಯಾವುದೂ ಆಗಿರುವುದಿಲ್ಲ, ಯಾರಿಗೂ ಮುಜುಗರವಿಲ್ಲ. ಇದೆ ಎಂದರೆ ಮುಂದೆ ಆ ಮಾತನ್ನು ನೆನಪಿಸಿ ಕೇಳಬಹುದು, ಇಲ್ಲ ಎಂದರೆ ಆ ಕಡೆ ನಿರೀಕ್ಷೆಯನ್ನೇ ಇಟ್ಟುಕೊಳ್ಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ ಪ್ರತಿ ರೌಂಡ್ ಮುಗಿದ ಅರ್ಧ ಗಂಟೆಯೊಳಗೆ ಕೇಳಿದ ಪ್ರಶ್ನೆಗಳು, ನೀವು ಕೊಟ್ಟ ಉತ್ತರ, ಅವರು ಮರುಪ್ರಶ್ನೆ ಹಾಕಿದ ಜಾಗಗಳನ್ನು ಬರೆದಿಡಿ. ಒಂದೇ ವಿಷಯವನ್ನು ಸಂದರ್ಶಕರು ಎರಡು ಮೂರು ಸಲ ತಿರುಗಿಸಿ ಕೇಳಿದ್ದರೆ ಅಲ್ಲಿ ಅವರಿಗೆ ತೃಪ್ತಿಯಾಗಿಲ್ಲ ಎಂದೇ ಅರ್ಥ. ಹಾಸನದ ಹುಡುಗಿಗೆ ಆ ನಿರ್ದಿಷ್ಟ ಪ್ರಶ್ನೆ ಕೇಳಲು ಸಾಧ್ಯವಾದದ್ದು ಇಂಥ ನೆನಪಿನಿಂದಲೇ.

ಬಹಳ ಕಂಪನಿಗಳಲ್ಲಿ ಒಮ್ಮೆ ತಿರಸ್ಕಾರವಾದರೆ ಮತ್ತೆ ಅರ್ಜಿ ಹಾಕಲು ಆರು ತಿಂಗಳು ಅಥವಾ ಒಂದು ವರ್ಷ ಕಾಯಬೇಕು. ಇದಕ್ಕೆ ಕೂಲಿಂಗ್ ಪೀರಿಯಡ್ ಎನ್ನುತ್ತಾರೆ. ಅದು ಎಷ್ಟು ಎಂದು ಕೇಳುವುದು ರಿಕ್ರೂಟರ್‌ಗೆ ಎಳ್ಳಷ್ಟೂ ಭಾರವಲ್ಲ. ಫೀಡ್‌ಬ್ಯಾಕ್ ಕೊಡಲಾಗದವರೂ ಇದಕ್ಕೆ ಉತ್ತರಿಸುತ್ತಾರೆ. ಅವಧಿ ಮುಗಿದ ಮೇಲೆ ಅದೇ ಹಳೆಯ ಮೇಲ್ ಸರಣಿಗೆ ಹೊಸ ಜಾಬ್ ಐಡಿ ಹಾಕಿ ಬರೆಯಬಹುದು: ‘ಕಳೆದ ಸಲ ಆದ್ಯತೆಯ ಬಗ್ಗೆ ನೀವು ಹೇಳಿದ್ದಿರಿ. ಅದಾದ ಮೇಲೆ ನನ್ನ ತಂಡದಲ್ಲಿ ಎರಡು ರಿಲೀಸ್‌ಗಳಿಗೆ ಏನು ಪರೀಕ್ಷಿಸಬೇಕು, ಏನು ಬಿಡಬೇಕು ಎಂಬ ಯೋಜನೆ ಮಾಡಿದವಳು ನಾನೇ. ಈ ಹುದ್ದೆಗೆ ಹೊಂದುತ್ತೇನೆ ಎನಿಸಿದರೆ ತಿಳಿಸಿ.’ ಆ ರಿಕ್ರೂಟರ್ ಅಷ್ಟರಲ್ಲಿ ಕಂಪನಿ ಬದಲಿಸಿರುವುದೂ ಉಂಟು. ಆಗ ಅವರ ಜಾಗಕ್ಕೆ ಬಂದವರಿಗೆ ಹೊಸದಾಗಿ ಅರ್ಜಿ ಕಳಿಸಿ, ಹಳೆಯ ಫೀಡ್‌ಬ್ಯಾಕ್‌ನ ಪ್ರಸ್ತಾಪ ಬಿಟ್ಟು, ಆ ಎರಡು ರಿಲೀಸ್‌ಗಳ ಕೆಲಸವನ್ನು ರೆಸ್ಯೂಮೆಯ ಮೊದಲ ಪುಟದಲ್ಲೇ ಹಾಕಬೇಕು.